ಆರನೆಯ ಬೆರಳು ತೆಗೆಯುವುದು ಹೇಗೆ? ನೆಗೆಟಿವ್ ಪ್ರಾಂಪ್ಟ್‌ನ ಶಕ್ತಿ ಮತ್ತು ಮಿತಿ

ಕಾಫಿ ಪುಡಿ ಮಾರುವ ಒಂದು ಸಣ್ಣ ಕಂಪನಿಗೆ ಜಾಹೀರಾತಿನ ಚಿತ್ರ ಬೇಕಾಗಿದೆ ಎಂದುಕೊಳ್ಳೋಣ. ಬೆಳಗಿನ ಬಿಸಿಲು ಬೀಳುವ ಅಡುಗೆಮನೆಯ ಕಿಟಕಿ, ಹತ್ತಿ ಸೀರೆಯುಟ್ಟ ಹೆಂಗಸು, ಎರಡೂ ಕೈಗಳಲ್ಲಿ ಹಿಡಿದ ಸ್ಟೀಲ್ ಲೋಟ, ಪಕ್ಕದಲ್ಲಿ ಪುಡಿಯ ಪೊಟ್ಟಣ. ಸ್ಟುಡಿಯೊ, ಫೋಟೋಗ್ರಾಫರ್, ರೂಪದರ್ಶಿ ಎಂದು ಖರ್ಚು ಮಾಡುವಷ್ಟು ಹಣವಿಲ್ಲ. ಚಿತ್ರ ತಯಾರಿಸುವ ಎಐ ತಂತ್ರಾಂಶದಲ್ಲಿ ನಾಲ್ಕು ಸಾಲು ಟೈಪ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಚಿತ್ರ ಬರುತ್ತದೆ. ಬೆಳಕು ಸೊಗಸಾಗಿದೆ, ಮುಖ ಸೊಗಸಾಗಿದೆ, ಸೀರೆಯ ನೆರಿಗೆಯೂ ಸರಿಯಾಗಿದೆ. ಆದರೆ ಲೋಟ ಹಿಡಿದ ಬಲಗೈಯಲ್ಲಿ ಆರು ಬೆರಳು. ಎಡಗೈಯ ಹೆಬ್ಬೆರಳು ಕಿರುಬೆರಳಿನ ಕಡೆಗೆ ಹುಟ್ಟಿಕೊಂಡಿದೆ. ಪೊಟ್ಟಣದ ಮೇಲೂ ಗೋಡೆಯ ಕ್ಯಾಲೆಂಡರಿನ ಮೇಲೂ ಅಕ್ಷರದಂತೆ ಕಾಣುವ, ಆದರೆ ಯಾವ ಭಾಷೆಯಲ್ಲೂ ಓದಲಾಗದ ಗೀಚು.

ಸರಕನ್ನು ಒಂಟಿಯಾಗಿ ತೋರಿಸದೆ, ಅದನ್ನು ಬಳಸುವ ಮನೆ, ಜನ, ಹೊತ್ತು ಇವುಗಳ ನಡುವೆ ತೋರಿಸುವುದನ್ನು ಈ ಉದ್ಯಮದಲ್ಲಿ ಲೈಫ್‌ಸ್ಟೈಲ್ ಜಾಹೀರಾತು ಎನ್ನುತ್ತಾರೆ. ಇಂಥ ಚಿತ್ರದಲ್ಲಿ ಯಾರದಾದರೂ ಕೈ ಸರಕನ್ನು ಮುಟ್ಟಿರಲೇಬೇಕು, ಸರಕಿನ ಮೇಲೆ ಹೆಸರು ಇರಲೇಬೇಕು. ಎಐ ಚಿತ್ರಗಳು ಸೋಲುವ ಎರಡು ಜಾಗಗಳೂ ಹೀಗೆ ಒಂದೇ ಚೌಕಟ್ಟಿನಲ್ಲಿ ಸೇರುತ್ತವೆ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಮದ್ದು ನೆಗೆಟಿವ್ ಪ್ರಾಂಪ್ಟ್. ಏನು ಬೇಕು ಎಂದು ಬರೆಯುವ ಪೆಟ್ಟಿಗೆಯ ಕೆಳಗೆ, ಏನು ಬೇಡ ಎಂದು ಬರೆಯುವ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅಲ್ಲಿ `extra fingers`, `bad hands`, `text` ಎಂದು ಬರೆದರೆ ಅವೆಲ್ಲ ಹೋಗುತ್ತವೆ ಎಂಬ ನಂಬಿಕೆಯಿದೆ. ಈ ನಂಬಿಕೆ ಸ್ವಲ್ಪ ನಿಜ, ಬಹುಪಾಲು ತಪ್ಪು. ಎಲ್ಲಿ ನಿಜ, ಎಲ್ಲಿ ತಪ್ಪು ಎಂದು ತಿಳಿಯಬೇಕಾದರೆ ಯಂತ್ರ ಚಿತ್ರ ಬರೆಯುವ ಕ್ರಮವನ್ನು ಒಮ್ಮೆ ನೋಡಬೇಕು.

ಕೈ ಏಕೆ ಕೆಡುತ್ತದೆ

ಉದಾಹರಣೆಗೆ ಸ್ಟೇಬಲ್ ಡಿಫ್ಯೂಷನ್ ಎಂಬ ಮಾಡೆಲ್ ಕುಟುಂಬವನ್ನೇ ತೆಗೆದುಕೊಳ್ಳೋಣ. 2022ರ ಆಗಸ್ಟ್‌ನಲ್ಲಿ ಇದು ಎಲ್ಲರಿಗೂ ಮುಕ್ತವಾಗಿ ದೊರೆಯಿತು. 2023ರ ಜುಲೈನಲ್ಲಿ ಇದರ ದೊಡ್ಡ ಆವೃತ್ತಿ ಎಸ್‌ಡಿಎಕ್ಸ್‌ಎಲ್ ಬಂತು. ನೆಗೆಟಿವ್ ಪ್ರಾಂಪ್ಟ್ ಬಳಕೆ ಬೇರೂರಿದ್ದು ಈ ಕುಟುಂಬದಲ್ಲೇ.

ಈ ಮಾಡೆಲ್ ಅರ್ಥವಿಲ್ಲದ ಚುಕ್ಕೆಗಳ ರಾಶಿಯಿಂದ ಆರಂಭಿಸುತ್ತದೆ. ಪ್ರತಿ ಹೆಜ್ಜೆಯಲ್ಲೂ 'ಇದರಲ್ಲಿ ಕಸ ಎಷ್ಟು, ಚಿತ್ರ ಎಷ್ಟು' ಎಂದು ಊಹಿಸಿ ಸ್ವಲ್ಪ ಕಸವನ್ನು ತೆಗೆಯುತ್ತದೆ. ಸಾಮಾನ್ಯವಾಗಿ 20ರಿಂದ 30 ಹೆಜ್ಜೆಗಳಲ್ಲಿ ಚಿತ್ರ ಮೂಡುತ್ತದೆ. ಆದರೆ ಈ ಕೆಲಸ ನಾವು ನೋಡುವ ಗಾತ್ರದಲ್ಲಿ ನಡೆಯುವುದಿಲ್ಲ. 1024 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚಿತ್ರವನ್ನು ಮಾಡೆಲ್ ಒಳಗೆ ಎಂಟು ಪಟ್ಟು ಕುಗ್ಗಿಸಿ, 128 ಮನೆ ಅಗಲ, 128 ಮನೆ ಎತ್ತರದ ಚೌಕಳಿಯಲ್ಲಿ ರೂಪಿಸುತ್ತದೆ. ಕೊನೆಗೆ ಅದನ್ನು ಹಿಗ್ಗಿಸಿ ನಮಗೆ ಕೊಡುತ್ತದೆ.

ನಮ್ಮ ಕಾಫಿ ಚಿತ್ರದಲ್ಲಿ ಹೆಂಗಸು ಮುಡಿಯಿಂದ ಮೊಣಕಾಲವರೆಗೆ ಕಾಣುತ್ತಾಳೆ ಎಂದಿಟ್ಟುಕೊಳ್ಳಿ. ಲೋಟ ಹಿಡಿದ ನಾಲ್ಕು ಬೆರಳುಗಳ ಒಟ್ಟು ಅಗಲ ಸುಮಾರು 96 ಪಿಕ್ಸೆಲ್ ಬರಬಹುದು. ಒಳಗಿನ ಚೌಕಳಿಯಲ್ಲಿ ಅದು ಬರೀ 12 ಮನೆ. ನಾಲ್ಕು ಬೆರಳಿಗೆ ಹಂಚಿದರೆ ಒಂದಕ್ಕೆ ಮೂರೇ ಮನೆ, ಬೆರಳುಗಳ ನಡುವಿನ ಸಂದೂ ಅದರಲ್ಲೇ ಆಗಬೇಕು. ಮೂರು ಸಾಲು ಚುಕ್ಕಿ ಇಟ್ಟು ನವಿಲಿನ ರಂಗೋಲಿ ಎಳೆಯಿರಿ ಎಂದರೆ ಯಾರಿಗಾದರೂ ಕಷ್ಟವೇ. ಅದೇ ಚಿತ್ರದ ಮುಖಕ್ಕೂ ಹೆಚ್ಚು ಮನೆ ಸಿಕ್ಕಿರುವುದಿಲ್ಲ. ಆದರೆ ಮುಖದ ವಿನ್ಯಾಸ ಯಾವಾಗಲೂ ಒಂದೇ: ಎರಡು ಕಣ್ಣು, ನಡುವೆ ಮೂಗು, ಕೆಳಗೆ ಬಾಯಿ. ಕೈ ಹಾಗಲ್ಲ. ಮುಷ್ಟಿ, ಅಂಗೈ, ಲೋಟದ ಹಿಂದೆ ಮರೆಯಾದ ಬೆರಳು, ಇನ್ನೊಂದು ಕೈಯೊಳಗೆ ಹೆಣೆದುಕೊಂಡ ಬೆರಳು ಎಂದು ಅದರ ರೂಪಗಳಿಗೆ ಲೆಕ್ಕವಿಲ್ಲ. ಕಲಿಯಲು ಕೊಟ್ಟ ಕೋಟ್ಯಂತರ ಚಿತ್ರಗಳಲ್ಲಿ ಕೆಲವು ಕಡೆ ಮೂರು ಬೆರಳು ಕಾಣುತ್ತವೆ, ಕೆಲವು ಕಡೆ ಐದು, ಎರಡು ಕೈ ಸೇರಿದಲ್ಲಿ ಎಂಟು. ಹೀಗಾಗಿ 'ಬೆರಳಿನ ಪಕ್ಕದಲ್ಲಿ ಇನ್ನೊಂದು ಬೆರಳು ಇರುತ್ತದೆ' ಎಂಬುದನ್ನು ಯಂತ್ರ ಕಲಿಯಿತು. 'ಐದಾದ ಮೇಲೆ ನಿಲ್ಲಿಸಬೇಕು' ಎಂಬುದನ್ನು ಅಷ್ಟು ಗಟ್ಟಿಯಾಗಿ ಕಲಿಯಲಿಲ್ಲ.

ಅಕ್ಷರ ಏಕೆ ಕೆಡುತ್ತದೆ

ಅಕ್ಷರದ ಕಾರಣ ಬೇರೆ. ನಾವು ಟೈಪ್ ಮಾಡಿದ ಮಾತನ್ನು ಮಾಡೆಲ್ ನೇರವಾಗಿ ಓದುವುದಿಲ್ಲ. ಕ್ಲಿಪ್ ಎಂಬ ಇನ್ನೊಂದು ಮಾಡೆಲ್ ಅದನ್ನು ತುಣುಕುಗಳಾಗಿ ಒಡೆದು ಸಂಖ್ಯೆಗಳಾಗಿಸಿ ಕೊಡುತ್ತದೆ. `coffee` ಎಂಬ ಪದ ಅದಕ್ಕೆ ಒಂದೇ ತುಣುಕು, ಒಂದೇ ಸಂಖ್ಯೆ. ಅದರೊಳಗೆ ಯಾವ ಅಕ್ಷರಗಳಿವೆ, ಯಾವುದರ ನಂತರ ಯಾವುದು ಬರುತ್ತದೆ ಎಂಬ ಮಾಹಿತಿ ಆ ಸಂಖ್ಯೆಯಲ್ಲಿ ಇಲ್ಲ. ಕಾಫಿ ಪೊಟ್ಟಣದ ಮೇಲೆ ಏನೋ ಗೆರೆಗಳು ಇರುತ್ತವೆ ಎಂದು ಮಾಡೆಲ್‌ಗೆ ಗೊತ್ತು. ಅವು ಕಾಗುಣಿತ ಎಂದು ಗೊತ್ತಿಲ್ಲ.

ಕನ್ನಡದ ಪಾಡು ಇನ್ನೂ ಕಷ್ಟ. ಕ್ಲಿಪ್‌ನ ಶಬ್ದಕೋಶ ಇಂಗ್ಲಿಷಿಗಾಗಿ ಆದದ್ದು. ಒಂದು ಕನ್ನಡ ಅಕ್ಷರವನ್ನು ಅದು ಹಲವು ಅರ್ಥಹೀನ ಚೂರುಗಳಾಗಿ ಒಡೆಯುತ್ತದೆ. ಚಿತ್ರದಲ್ಲಿ ಮೂಡುವುದು ದುಂಡಗಿನ ಸುರುಳಿ, ತಲೆಕಟ್ಟಿನಂಥ ಗೆರೆ, ಒತ್ತಕ್ಷರದ ಹಾಗೆ ಕೆಳಗೆ ಜೋತಾಡುವ ಕೊಕ್ಕೆ. ದೂರದಿಂದ ಕನ್ನಡದಂತೆ ಕಾಣುತ್ತದೆ, ಹತ್ತಿರ ಹೋದರೆ ಒಂದಕ್ಷರವೂ ಇಲ್ಲ. ಈಚಿನ ಹಲವು ಮಾಡೆಲ್‌ಗಳು ಚಿಕ್ಕ ಇಂಗ್ಲಿಷ್ ಸಾಲನ್ನು ಸರಿಯಾಗಿ ಬರೆಯುವಷ್ಟು ಸುಧಾರಿಸಿವೆ. ಆದರೂ ಪೊಟ್ಟಣದ ಸಣ್ಣ ಅಕ್ಷರಗಳನ್ನು ಅವುಗಳ ಪಾಲಿಗೆ ಬಿಡುವಂತಿಲ್ಲ.

ನೆಗೆಟಿವ್ ಪ್ರಾಂಪ್ಟ್ ನಿಜಕ್ಕೂ ಮಾಡುವ ಕೆಲಸ

ನೆಗೆಟಿವ್ ಪೆಟ್ಟಿಗೆಯಲ್ಲಿ ಬರೆದದ್ದನ್ನು ಯಂತ್ರ ಆಜ್ಞೆಯಂತೆ ಪಾಲಿಸುವುದಿಲ್ಲ. ಮೂಡಿದ ಚಿತ್ರವನ್ನು ಪರಿಶೀಲಿಸಿ, ಆರನೆಯ ಬೆರಳನ್ನು ಹುಡುಕಿ ಅಳಿಸುವುದೂ ಇಲ್ಲ. ಅದು ನಡೆಸುವುದು ಒಂದು ಸರಳ ಲೆಕ್ಕ.

ಪ್ರತಿ ಹೆಜ್ಜೆಯಲ್ಲೂ ಮಾಡೆಲ್ ಎರಡು ಊಹೆ ಮಾಡುತ್ತದೆ. 'ಬೇಕು' ಪೆಟ್ಟಿಗೆಯ ಮಾತಿಗೆ ತಕ್ಕಂತೆ ಚಿತ್ರ ಹೇಗಿರಬೇಕು ಎಂಬುದು ಒಂದು. 'ಬೇಡ' ಪೆಟ್ಟಿಗೆಯ ಮಾತಿಗೆ ತಕ್ಕಂತೆ ಹೇಗಿರುತ್ತಿತ್ತು ಎಂಬುದು ಇನ್ನೊಂದು. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಸಂಖ್ಯೆಯಿಂದ ಗುಣಿಸಿ, ಬೇಡದ್ದರಿಂದ ದೂರಕ್ಕೂ ಬೇಕಾದದ್ದರ ಕಡೆಗೂ ಚಿತ್ರವನ್ನು ತಳ್ಳುತ್ತದೆ:

```
ಫಲ = ಬೇಡ + ಅಳತೆ × (ಬೇಕು − ಬೇಡ)
```

ಈ 'ಅಳತೆ'ಯೇ ಪರದೆಯ ಮೇಲೆ `CFG Scale` ಎಂದು ಕಾಣುವ ಸಂಖ್ಯೆ. ಜೊನಾಥನ್ ಹೋ ಮತ್ತು ಟಿಮ್ ಸಾಲಿಮನ್ಸ್ ಎಂಬ ಸಂಶೋಧಕರು ರೂಪಿಸಿದ ವಿಧಾನ ಇದು. ಅವರ ಮೂಲ ಲೆಕ್ಕದಲ್ಲಿ 'ಬೇಡ' ಎಂಬ ಜಾಗ ಖಾಲಿ ಇತ್ತು, ಅಂದರೆ ಯಾವ ಮಾತೂ ಇಲ್ಲದ ಪ್ರಾಂಪ್ಟ್. ಆ ಖಾಲಿ ಜಾಗದಲ್ಲಿ ಬೇಡವಾದ ಪದಗಳನ್ನು ಕೂರಿಸಿದಾಗ ಹುಟ್ಟಿದ್ದೇ ನೆಗೆಟಿವ್ ಪ್ರಾಂಪ್ಟ್.

ಈ ಲೆಕ್ಕದಿಂದ ಎರಡು ಸಂಗತಿ ತಾವಾಗಿಯೇ ತಿಳಿಯುತ್ತವೆ. ಒಂದು, ಅಳತೆ 1 ಆದರೆ 'ಬೇಡ' ಎಂಬುದು ಎರಡೂ ಕಡೆ ಹೊಡೆದುಹೋಗಿ 'ಬೇಕು' ಮಾತ್ರ ಉಳಿಯುತ್ತದೆ. ನಾಲ್ಕೆಂಟು ಹೆಜ್ಜೆಗಳಲ್ಲೇ ಚಿತ್ರ ಮುಗಿಸುವ ಟರ್ಬೊ, ಲೈಟ್ನಿಂಗ್ ಮಾದರಿಯ ವೇಗದ ಮಾಡೆಲ್‌ಗಳನ್ನು ಸಾಮಾನ್ಯವಾಗಿ ಈ ಅಳತೆಯ ಆಸುಪಾಸಿನಲ್ಲೇ ಓಡಿಸುತ್ತಾರೆ. 2024ರಲ್ಲಿ ಬಂದ ಫ್ಲಕ್ಸ್ ಮಾಡೆಲ್‌ನ ಮುಕ್ತ ಆವೃತ್ತಿಗಳ ಸಾಮಾನ್ಯ ಬಳಕೆಯೂ ಹೀಗೆಯೇ. ಅಲ್ಲಿ ನೆಗೆಟಿವ್ ಪೆಟ್ಟಿಗೆಯಲ್ಲಿ ಪುಟಗಟ್ಟಲೆ ಬರೆದರೂ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ನಿಮ್ಮ ಪೆಟ್ಟಿಗೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಸುಲಭದ ದಾರಿ ಇದೆ: `Seed` ಸಂಖ್ಯೆಯನ್ನು ಬದಲಿಸದೆ, ನೆಗೆಟಿವ್ ಪೆಟ್ಟಿಗೆಯಲ್ಲಿ ಬರೆದು ಒಮ್ಮೆ, ಖಾಲಿ ಬಿಟ್ಟು ಒಮ್ಮೆ ಚಿತ್ರ ಮಾಡಿ. ಆರಂಭದ ಚುಕ್ಕೆಗಳ ರಾಶಿ ಯಾವುದು ಎಂದು ನಿರ್ಧರಿಸುವುದು ಈ ಸೀಡ್. ಎರಡು ಚಿತ್ರವೂ ತದ್ರೂಪವಾಗಿದ್ದರೆ ಪೆಟ್ಟಿಗೆ ಸತ್ತಿದೆ.

ಎರಡನೆಯದು ಇನ್ನೂ ಮುಖ್ಯ. 'ಬೇಡ' ಎಂದದ್ದರಿಂದ ದೂರ ಸರಿಯಬೇಕಾದರೆ, ಅದು ಹೇಗಿರುತ್ತದೆ ಎಂದು ಮಾಡೆಲ್‌ಗೆ ಮೊದಲು ಗೊತ್ತಿರಬೇಕು. ಯಾವ ಪದವನ್ನು 'ಬೇಕು' ಪೆಟ್ಟಿಗೆಯಲ್ಲಿ ಬರೆದರೆ ಅದರ ಚಿತ್ರ ಸ್ಪಷ್ಟವಾಗಿ ಬರುತ್ತದೆಯೋ, ಆ ಪದವಷ್ಟೇ 'ಬೇಡ' ಪೆಟ್ಟಿಗೆಯಲ್ಲೂ ಚುರುಕಾಗಿ ಕೆಲಸ ಮಾಡುತ್ತದೆ.

ಬಲವಿರುವ ಪದ, ಬಲವಿಲ್ಲದ ಪದ

ಈ ಅಳತೆಗೋಲಿನಿಂದ ನಮ್ಮ ಪದಗಳನ್ನು ನೋಡೋಣ. `watermark` ಎಂದರೆ ಏನು ಎಂದು ಮಾಡೆಲ್‌ಗೆ ಗೊತ್ತು. ಅಂತರ್ಜಾಲದಿಂದ ಕಲೆಹಾಕಿದ ಚಿತ್ರಗಳಲ್ಲಿ ಫೋಟೋ ಮಾರುವ ಸಂಸ್ಥೆಗಳ ನೀರಚ್ಚು ಇದ್ದವು ಹೇರಳವಾಗಿದ್ದವು. `calendar`, `signboard`, `logo` ಇವೂ ಗೊತ್ತು. ಇವು ಕಣ್ಣಿಗೆ ಕಾಣುವ, ಹೆಸರಿರುವ ವಸ್ತುಗಳು. ಇವನ್ನು ದೂರ ತಳ್ಳು ಎಂದರೆ ಬಹಳ ಸಲ ತಳ್ಳುತ್ತದೆ.

`extra fingers` ಹಾಗಲ್ಲ. ಆರು ಬೆರಳಿನ ಫೋಟೋಕ್ಕೆ ಯಾರು 'ಹೆಚ್ಚುವರಿ ಬೆರಳು' ಎಂದು ಅಡಿಬರಹ ಕೊಟ್ಟಿರುತ್ತಾರೆ? ಫೋಟೋಗಳ ಲೋಕದಲ್ಲಿ ಅಂಥ ಚಿತ್ರವೂ ಅಪರೂಪ, ಅಂಥ ಅಡಿಬರಹವೂ ಅಪರೂಪ. ಹೀಗಾಗಿ ಆ ಎರಡು ಪದಗಳಿಗೆ ಮಾಡೆಲ್ ಕೊಡುವ ಅರ್ಥ ಬಹುಮಟ್ಟಿಗೆ 'ಬೆರಳು' ಎಂದಷ್ಟೇ. `deformed hands` ಎಂದರೆ ಅದಕ್ಕೆ ಹೆಚ್ಚು ಕೇಳಿಸುವುದು 'ಕೈ'. ಇದಕ್ಕೆ ಒತ್ತು ಹೆಚ್ಚಿಸಿದಂತೆ ಕೈ ಚೌಕಟ್ಟಿನಿಂದ ಆಚೆಗೆ ಸರಿಯುತ್ತದೆ, ಸೀರೆಯ ಸೆರಗಿನೊಳಗೆ ಅಡಗುತ್ತದೆ, ಲೋಟ ಮೇಜಿನ ಮೇಲೆ ಕೂರುತ್ತದೆ. ಕೆಟ್ಟ ಕೈ ಹೋಯಿತು ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ಹೋದದ್ದು ಕೈಯೇ, ಅದರೊಂದಿಗೆ ಜಾಹೀರಾತಿನ ಉದ್ದೇಶವೂ.

ಹಾಗಾದರೆ ಈ ಪದಗಳು ಎಲ್ಲರ ಪಟ್ಟಿಯಲ್ಲೂ ಹೇಗೆ ಬಂದವು? ಡ್ಯಾನ್‌ಬೂರು ಎಂಬ ಜಪಾನಿ ಶೈಲಿಯ ಅನಿಮೆ ಚಿತ್ರಗಳ ಸಂಗ್ರಹವೊಂದಿದೆ. ಅಲ್ಲಿ ಬಳಕೆದಾರರೇ ಪ್ರತಿ ಚಿತ್ರಕ್ಕೂ ಗುರುತುಪದ ಹಾಕುತ್ತಾರೆ, ಕಲಾವಿದ ಕೈ ತಪ್ಪಾಗಿ ಬರೆದಿದ್ದರೆ `bad hands`, ಬೆರಳು ಹೆಚ್ಚಾಗಿದ್ದರೆ `extra digits` ಎಂದೂ ನಮೂದಿಸುತ್ತಾರೆ. ಆ ಸಂಗ್ರಹದಿಂದ ಕಲಿತ ಅನಿಮೆ ಮಾಡೆಲ್‌ಗಳಿಗೆ ಈ ಪದಗಳು ನಿಜವಾಗಿ ಅರ್ಥವಾಗುತ್ತವೆ. 2022ರ ಕೊನೆಯ ಹೊತ್ತಿಗೆ ಅನಿಮೆ ಬರೆಯುವವರ ಪಟ್ಟಿಗಳು ಎಲ್ಲೆಡೆ ಹರಡಿದವು. ಫೋಟೋದಂಥ ಚಿತ್ರ ಬೇಕಾದವರೂ ಅವನ್ನೇ ನಕಲು ಮಾಡಿಕೊಂಡರು. ಪದ ಬಂತು, ಅದಕ್ಕೆ ಅರ್ಥ ಕೊಟ್ಟಿದ್ದ ಚಿತ್ರಗಳು ಜೊತೆಯಲ್ಲಿ ಬರಲಿಲ್ಲ.

ಉದ್ದದ ಪಟ್ಟಿಯಿಂದ ಇನ್ನೊಂದು ನಷ್ಟವಿದೆ. ಕ್ಲಿಪ್ ಒಂದು ಸಲಕ್ಕೆ ತೆಗೆದುಕೊಳ್ಳುವುದು 77 ತುಣುಕು. ಅದನ್ನು ಮೀರಿದ್ದನ್ನು ಕೆಲವು ತಂತ್ರಾಂಶಗಳು ಕತ್ತರಿಸಿ ಬಿಸಾಡುತ್ತವೆ, ಕೆಲವು ಬೇರೆ ಕಂತಾಗಿ ಸೇರಿಸುತ್ತವೆ. ಹೇಗಿದ್ದರೂ ಪದಗಳು ಹೆಚ್ಚಿದಂತೆ ಪ್ರತಿಯೊಂದರ ಬಲ ತೆಳುವಾಗುತ್ತದೆ. `ugly`, `imperfect`, `blurry` ಮೊದಲಾದವನ್ನು ರಾಶಿ ಹಾಕಿದರೆ ಚರ್ಮ ಮೇಣದಂತೆ ನುಣುಪಾಗುತ್ತದೆ, ಹಿನ್ನೆಲೆಯ ಸಹಜ ಮಸುಕು ಹೋಗುತ್ತದೆ, ಎಲ್ಲ ಹೆಂಗಸರೂ ಒಂದೇ ಮುಖದವರಾಗುತ್ತಾರೆ. ಮನೆಯ ಬೆಳಗಿನಂತೆ ಕಾಣಬೇಕಾದ ಚಿತ್ರ ಗೊಂಬೆಯಂಗಡಿಯ ಕಿಟಕಿಯಾಗುತ್ತದೆ.

ಕಾಫಿ ಚಿತ್ರವನ್ನು ತಿದ್ದುವುದು

ಇನ್ನು ನಮ್ಮ ಚಿತ್ರಕ್ಕೆ ಬರೋಣ. ಆರಂಭದ ಪ್ರಾಂಪ್ಟ್ ಹೀಗಿತ್ತು ಎಂದುಕೊಳ್ಳಿ:

```
lifestyle advertisement for a coffee brand, south indian
woman in cotton saree holding steel tumbler with both
hands, coffee packet on table, kitchen, morning light
```

ನೆಗೆಟಿವ್ ಪೆಟ್ಟಿಗೆಯ ಕಡೆಗೆ ಹೋಗುವ ಮುಂಚೆ ಈ ಸಾಲುಗಳನ್ನೇ ನೋಡಬೇಕು. `advertisement` ಮತ್ತು `brand` ಎಂಬ ಪದಗಳಿರುವ ಅಡಿಬರಹಗಳ ಜೊತೆ ಮಾಡೆಲ್ ಕಂಡದ್ದು ಅಕ್ಷರ ತುಂಬಿದ ಭಿತ್ತಿಪತ್ರಗಳನ್ನು. ಅಂದರೆ ಅಕ್ಷರವನ್ನು ನಾವೇ ಕರೆದಿದ್ದೇವೆ. ಮೇಲೆ ಕರೆದು ಕೆಳಗೆ `text` ಬೇಡ ಎಂದರೆ ಎರಡು ಊಹೆಗಳೂ ಪರಸ್ಪರ ಜಗ್ಗಾಡುತ್ತವೆ. ಆ ಎರಡು ಪದಗಳನ್ನು ತೆಗೆದು `candid photo` ಎಂದರೆ ಅರ್ಧ ಗೀಚು ಅಲ್ಲಿಗೇ ನಿಲ್ಲುತ್ತದೆ. ಇದೇ ಕಾರಣಕ್ಕೆ 'ಬೇಕು' ಪೆಟ್ಟಿಗೆಯಲ್ಲಿ `no text` ಎಂದು ಬರೆಯಲೇಬಾರದು. ಕ್ಲಿಪ್‌ಗೆ `no` ಎಂಬ ನಿರಾಕರಣೆ ಸರಿಯಾಗಿ ತಲುಪುವುದಿಲ್ಲ, `text` ತಲುಪುತ್ತದೆ. 'ಬೇಡ' ಪೆಟ್ಟಿಗೆಯಲ್ಲೂ ವಸ್ತುವಿನ ಹೆಸರಷ್ಟೇ ಸಾಕು, `no` ಬೇಕಿಲ್ಲ. ಮಿಡ್‌ಜರ್ನಿಯಲ್ಲಿ ಪೆಟ್ಟಿಗೆಯ ಬದಲು ಸಾಲಿನ ಕೊನೆಗೆ `--no text, logo` ಎಂದು ಸೇರಿಸುವ ಕ್ರಮವಿದೆ.

`both hands` ಎಂಬುದೂ ನಾವೇ ತಂದುಕೊಂಡ ತೊಂದರೆ. ಒಂದು ಲೋಟದ ಸುತ್ತ ಹತ್ತು ಬೆರಳು ಹೆಣೆದುಕೊಳ್ಳುವ ಭಂಗಿ ಎಲ್ಲಕ್ಕಿಂತ ಕಠಿಣ. ಒಂದೇ ಕೈ ಸಾಕು. ಸೊಂಟದವರೆಗಷ್ಟೇ ಕಾಣುವಂತೆ ಚೌಕಟ್ಟನ್ನು ಹತ್ತಿರ ತಂದರೆ ಕೈ ದೊಡ್ಡದಾಗಿ, ಬೆರಳಿಗೆ ಹೆಚ್ಚು ಮನೆ ಸಿಗುತ್ತವೆ. ಪೊಟ್ಟಣವನ್ನು ಸದ್ಯಕ್ಕೆ ಬಿಟ್ಟುಬಿಡೋಣ, ಏಕೆ ಎಂದು ಮುಂದೆ ಹೇಳುತ್ತೇನೆ. ಹೊಸ ಪ್ರಾಂಪ್ಟ್:

```
candid photo, south indian woman in cotton saree at
kitchen window, right hand around a steel tumbler,
waist-up, morning light, 50mm lens
```

ನೆಗೆಟಿವ್ ಪೆಟ್ಟಿಗೆಗೆ ಇಷ್ಟೇ:

```
text, watermark, logo, calendar
```

ಎಸ್‌ಡಿಎಕ್ಸ್‌ಎಲ್‌ನಲ್ಲಿ 1024 × 1024 ಗಾತ್ರ, 30 ಹೆಜ್ಜೆ, `CFG Scale` 6 ಒಳ್ಳೆಯ ಆರಂಭ. ನೀರಚ್ಚು ಮತ್ತೆ ಮತ್ತೆ ಬರುತ್ತಿದ್ದರೆ ಆ ಪದಕ್ಕೆ ಮಾತ್ರ `(watermark:1.3)` ಎಂದು ಒತ್ತು ಕೊಡಬಹುದು. ಒತ್ತನ್ನು 1.5ರ ಆಚೆಗೆ ಒಯ್ದರೆ ಬಣ್ಣಗಳು ಉರಿಯತೊಡಗುತ್ತವೆ, ಅಂಚುಗಳು ಒರಟಾಗುತ್ತವೆ. ಒಂದು ಹೊಸ ಪದ ಸೇರಿಸಬೇಕೆನಿಸಿದರೆ, ಚಿತ್ರದಲ್ಲಿ ಕಂಡ ಒಂದು ನಿರ್ದಿಷ್ಟ ದೋಷವನ್ನು ಬೊಟ್ಟುಮಾಡಿ ತೋರಿಸಿ ಸೇರಿಸಬೇಕು. ಗೋಡೆಯಲ್ಲಿ ಕ್ಯಾಲೆಂಡರ್ ಕಂಡದ್ದರಿಂದಲೇ ಇಲ್ಲಿ `calendar` ಇದೆ.

ಪದ ಕೆಲಸ ಮಾಡಿತೇ, ಅದೃಷ್ಟವೇ?

`extra fingers` ಸೇರಿಸಿದಾಗ ಆರು ಬೆರಳಿನ ಕೈ ಐದು ಬೆರಳಿನದಾಯಿತು, ಆದ್ದರಿಂದ ಅದು ಕೆಲಸ ಮಾಡುತ್ತದೆ ಎಂದು ವಾದಿಸುವವರಿದ್ದಾರೆ. ಆದರೆ ನೆಗೆಟಿವ್ ಪೆಟ್ಟಿಗೆಯಲ್ಲಿ ಯಾವ ಪದ ಹಾಕಿದರೂ ಚಿತ್ರ ಸ್ವಲ್ಪ ಬದಲಾಗುತ್ತದೆ. ಕೆಟ್ಟ ಕೈ ಬದಲಾದಾಗ ಒಳ್ಳೆಯದಾಗುವ ಸಾಧ್ಯತೆ ಹೇಗೂ ಇದ್ದೇ ಇದೆ. ಒಂದು ಚಿತ್ರದಿಂದ ಏನೂ ಸಾಬೀತಾಗುವುದಿಲ್ಲ.

ಸರಿಯಾದ ಪರೀಕ್ಷೆ ಹೀಗಿದೆ. 20 ಬೇರೆ ಬೇರೆ ಸೀಡ್ ಸಂಖ್ಯೆಗಳನ್ನು ಆರಿಸಿಕೊಳ್ಳಿ. ಅದೇ 20 ಸೀಡ್‌ಗಳಿಂದ ಮೂರು ಗುಂಪು ಚಿತ್ರ ಮಾಡಿ: ನೆಗೆಟಿವ್ ಪೆಟ್ಟಿಗೆ ಖಾಲಿ ಇದ್ದಾಗ ಒಂದು ಗುಂಪು, `extra fingers` ಇದ್ದಾಗ ಒಂದು, ಚಿತ್ರಕ್ಕೆ ಸಂಬಂಧವೇ ಇಲ್ಲದ `bicycle` ಇದ್ದಾಗ ಒಂದು. ಪ್ರತಿ ಗುಂಪಿನಲ್ಲೂ ಸರಿಯಾದ ಕೈ ಎಷ್ಟು ಎಂದು ಎಣಿಸಿ. ಬೆರಳಿನ ಪದದ ಗುಂಪು ಸೈಕಲ್ಲಿನ ಗುಂಪಿಗಿಂತ ಎದ್ದುಕಾಣುವಷ್ಟು ಮುಂದಿದ್ದರೆ ಮಾತ್ರ ಆ ಪದಕ್ಕೆ ಬಲವಿದೆ ಎನ್ನಬಹುದು. ಕೈಯೇ ಕಾಣದ ಚಿತ್ರಗಳನ್ನು 'ಸರಿ' ಎಂದು ಎಣಿಸಬಾರದು, ಅವನ್ನು ಬೇರೆ ಬರೆದಿಡಬೇಕು. `text`, `watermark` ಪದಗಳನ್ನೂ ಇದೇ ರೀತಿ ಪರೀಕ್ಷಿಸಬಹುದು.

ಎಣಿಸುವಾಗ ಬೆರಳಿನ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು. ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ ಮೊದಲು ಹೆಬ್ಬೆರಳನ್ನು ಹುಡುಕಬೇಕು. ಬಲಗೈಯ ಹೆಬ್ಬೆರಳು ಬಲಗೈಗೆ ತಕ್ಕ ಕಡೆಯಲ್ಲೇ ಇದೆಯೇ? ನಿಮ್ಮ ಕೈಯಲ್ಲೇ ಒಂದು ಲೋಟ ಹಿಡಿದು ಹೋಲಿಸಿದರೆ ಕೂಡಲೇ ತಿಳಿಯುತ್ತದೆ. ಆಮೇಲೆ ಲೋಟದ ಹಿಂದೆ ಹೋದ ಬೆರಳು ಇನ್ನೊಂದು ಬದಿಯಿಂದ ಸರಿಯಾದ ಜಾಗದಲ್ಲಿ ಹೊರಬರುತ್ತಿದೆಯೇ, ಪ್ರತಿ ಬೆರಳಿಗೂ ಗೆಣ್ಣುಗಳಿವೆಯೇ, ಸ್ಟೀಲಿನ ಹೊಳಪಿನಲ್ಲಿ ಬಿದ್ದ ಪ್ರತಿಬಿಂಬ ಕೈಗೆ ಹೊಂದುತ್ತದೆಯೇ ಎಂದು ನೋಡಬೇಕು. ನಾಲ್ಕೇ ಬೆರಳು ಕಂಡರೆ ಅದು ಯಾವಾಗಲೂ ತಪ್ಪಲ್ಲ, ಹೆಬ್ಬೆರಳು ಲೋಟದ ಆಚೆ ಇರಬಹುದು.

ಉಳಿದ ಕೈಯನ್ನು ಸರಿಪಡಿಸುವುದು

ಇಷ್ಟೆಲ್ಲ ಮಾಡಿದ ಮೇಲೂ, ಬೆಳಕು ಮತ್ತು ಮುಖ ಅದ್ಭುತವಾಗಿದ್ದು ಕೈ ಮಾತ್ರ ಕೆಟ್ಟಿರುವ ಚಿತ್ರಗಳು ಬಂದೇ ಬರುತ್ತವೆ. ಆಗ ಇಡೀ ಚಿತ್ರವನ್ನು ಬಿಸಾಡದೆ ಕೈಯಷ್ಟನ್ನೇ ಮತ್ತೆ ಬರೆಸುವ ವಿಧಾನವೇ ಇನ್‌ಪೇಂಟಿಂಗ್. ಕೈಯ ಮೇಲೆ ಕುಂಚ ಆಡಿಸಿ ಗುರುತು ಮಾಡಿದರೆ ಮಾಡೆಲ್ ಆ ಭಾಗವನ್ನಷ್ಟೇ ಹೊಸದಾಗಿ ರೂಪಿಸುತ್ತದೆ.

ಗುರುತು ಬೆರಳಿಗೇ ಅಂಟಿಕೊಳ್ಳಬಾರದು. ಮಣಿಕಟ್ಟಿನ ಸ್ವಲ್ಪ ಭಾಗ, ಲೋಟದ ಅಂಚು ಕೂಡ ಸೇರಬೇಕು, ಇಲ್ಲದಿದ್ದರೆ ಹೊಸ ಬೆರಳಿಗೂ ಹಳೆಯ ಕೈಗೂ ಬೆಸುಗೆ ಕಾಣುತ್ತದೆ. `Inpaint area` ಎಂಬಲ್ಲಿ `Only masked` ಆರಿಸಿದರೆ, ಗುರುತು ಮಾಡಿದ ಭಾಗವನ್ನು ತಂತ್ರಾಂಶ ಕತ್ತರಿಸಿ, ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ಅಲ್ಲಿ ಚಿತ್ರ ಬರೆದು, ಮತ್ತೆ ಕುಗ್ಗಿಸಿ ಅಂಟಿಸುತ್ತದೆ. ಮೊದಲ ಚಿತ್ರದಂತೆ 96 ಪಿಕ್ಸೆಲ್ ಇದ್ದ ಕೈಯನ್ನು ಸುತ್ತಲಿನ ಜಾಗ ಸೇರಿಸಿ 200 ಪಿಕ್ಸೆಲ್ ಚೌಕವಾಗಿ ಕತ್ತರಿಸಿ, 1024ಕ್ಕೆ ಹಿಗ್ಗಿಸಿದರೆ ಐದು ಪಟ್ಟು ದೊಡ್ಡದಾಗುತ್ತದೆ. 12 ಮನೆ ಇದ್ದ ಕೈಗೆ ಈಗ ಸುಮಾರು 60 ಮನೆ, ಒಂದು ಬೆರಳಿಗೆ ಮೂರರ ಬದಲು 15. ದೋಷದ ಮೂಲ ಕಾರಣಕ್ಕೇ ಕೈ ಹಾಕಿದಂತಾಯಿತು. ಯಾವ ನೆಗೆಟಿವ್ ಪದವೂ ಕೊಡಲಾಗದ ಜಾಗವನ್ನು ಇದು ಕೊಡುತ್ತದೆ.

ಈ ಹಂತದ ಪ್ರಾಂಪ್ಟ್‌ನಲ್ಲಿ ಹೆಂಗಸು, ಸೀರೆ, ಕಿಟಕಿ ಯಾವುದೂ ಬೇಡ. ಅವು ಇದ್ದರೆ ಕೈಯ ಜಾಗದಲ್ಲಿ ಇನ್ನೊಬ್ಬ ಪುಟ್ಟ ಹೆಂಗಸು ಮೂಡಬಹುದು. `right hand holding a steel tumbler` ಎಂದಷ್ಟೇ ಬರೆದರೆ ಸಾಕು.

ಹಳೆಯದನ್ನು ಎಷ್ಟು ಉಳಿಸಬೇಕು ಎಂಬುದನ್ನು `Denoising strength` ನಿರ್ಧರಿಸುತ್ತದೆ. 0 ಎಂದರೆ ಏನೂ ಬದಲಾಗದು, 1 ಎಂದರೆ ಹಳೆಯದರ ನೆನಪೇ ಇರದು. ಬೆರಳಿನ ಎಣಿಕೆ ಸರಿಯಿದ್ದು ಆಕಾರ ಮಾತ್ರ ಮಸುಕಾಗಿದ್ದರೆ 0.4 ಸಾಕು. ಆರು ಬೆರಳಿದ್ದಾಗ ಅಷ್ಟೇ ಇಟ್ಟರೆ ಆರನ್ನೂ ಇನ್ನಷ್ಟು ಸ್ಪಷ್ಟವಾಗಿ, ಉಗುರು ಸಮೇತ ಬರೆದುಕೊಡುತ್ತದೆ. ಏಕೆಂದರೆ ಹಳೆಯ ಆಕಾರವನ್ನೇ ಅದು ಆಧಾರವಾಗಿ ಹಿಡಿದಿದೆ. ಅದಕ್ಕಾಗಿ ಮೊದಲು ಯಾವುದಾದರೂ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಆರನೆಯ ಬೆರಳಿನ ಮೇಲೆ ಲೋಟದ ಬಣ್ಣವನ್ನು ಒರಟಾಗಿ ಬಳಿಯಬೇಕು. ಕಲೆ ಬೇಕಿಲ್ಲ, ಬೆರಳು ಮರೆಯಾದರೆ ಸಾಕು. ಆಮೇಲೆ 0.5ರ ಆಸುಪಾಸಿನಲ್ಲಿ ಇನ್‌ಪೇಂಟ್ ಮಾಡಿದರೆ, ಆ ಒರಟು ಬಣ್ಣ ಸ್ಟೀಲಿನ ಹೊಳಪಾಗಿ, ಐದು ಬೆರಳಿನ ಕೈ ನಿಲ್ಲುತ್ತದೆ. ನಾಲ್ಕೈದು ಸೀಡ್‌ಗಳಲ್ಲಿ ಮಾಡಿಸಿ ಚೆನ್ನಾಗಿರುವುದನ್ನು ಆರಿಸಿಕೊಳ್ಳಬಹುದು.

ಭಂಗಿಯೇ ತಪ್ಪಿದ್ದರೆ ಇನ್ನೊಂದು ದಾರಿಯಿದೆ. ಲೋಟ ಹಿಡಿದ ನಿಮ್ಮದೇ ಕೈಯನ್ನು ಮೊಬೈಲಿನಲ್ಲಿ ಅದೇ ಕೋನದಿಂದ ತೆಗೆದು, 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ಜೋಡಣೆಗೆ ಕೊಡುವುದು. ಅದು ಫೋಟೋದಿಂದ ಕೈಯ ಉಬ್ಬುತಗ್ಗುಗಳ ನಕ್ಷೆ ತೆಗೆದು ಮಾಡೆಲ್‌ಗೆ ಒಪ್ಪಿಸುತ್ತದೆ. ಎಷ್ಟು ಬೆರಳು, ಎಲ್ಲಿ ಮಡಚಿದೆ ಎಂದು ಊಹಿಸುವ ಹೊರೆ ಆಗ ಮಾಡೆಲ್ ಮೇಲಿಲ್ಲ.

ಪೊಟ್ಟಣದ ಅಕ್ಷರ

ಪೊಟ್ಟಣವನ್ನು ಬಿಟ್ಟದ್ದಕ್ಕೆ ಕಾರಣ ಈಗ ಹೇಳಬಹುದು. ನೆಗೆಟಿವ್ ಪ್ರಾಂಪ್ಟ್ ಅಕ್ಷರವನ್ನು ದೂರವಿಡಬಲ್ಲದು, ತಿದ್ದಲಾರದು. `garbled text` ಬೇಡ ಎಂದು ಬರೆದರೆ ಗೀಚು ಹೋಗಿ ಸರಿಯಾದ ಕಾಗುಣಿತ ಬರುವುದಿಲ್ಲ, ಏಕೆಂದರೆ ಸರಿ ಯಾವುದು, ತಪ್ಪು ಯಾವುದು ಎಂಬ ಭೇದವೇ ಆ ಲೆಕ್ಕದಲ್ಲಿಲ್ಲ. ಜಾಹೀರಾತಿನಲ್ಲಿ ಪೊಟ್ಟಣದ ಮೇಲೆ ಹೆಸರು ಇರಬೇಕು, ಸರಿಯಾಗಿಯೇ ಇರಬೇಕು. ಆದ್ದರಿಂದ ಈ ಜಾಗದಲ್ಲಿ ಮಾಡೆಲ್‌ನಿಂದ ಪಡೆಯಬೇಕಾದದ್ದು ಖಾಲಿ ಮೇಜು ಮಾತ್ರ.

ಪೊಟ್ಟಣದ ನಿಜವಾದ ಫೋಟೋವನ್ನು ಬೇರೆ ತೆಗೆಯಬೇಕು. ಚಿತ್ರದಲ್ಲಿ ಕಿಟಕಿಯ ಬೆಳಕು ಎಡಗಡೆಯಿಂದ ಬರುತ್ತಿದ್ದರೆ ಪೊಟ್ಟಣಕ್ಕೂ ಎಡಗಡೆಯ ಕಿಟಕಿಯ ಬೆಳಕೇ ಬೀಳಲಿ, ಕ್ಯಾಮೆರಾ ಮೇಜಿನಿಂದ ಅಷ್ಟೇ ಎತ್ತರದಲ್ಲಿರಲಿ. ಹಿನ್ನೆಲೆ ಕತ್ತರಿಸಿ ಮೇಜಿನ ಮೇಲೆ ಕೂರಿಸಿದ ಮೇಲೆ ಅಡಿಯ ನೆರಳನ್ನು ಸೇರಿಸಬೇಕು. ಬೇಕಾದರೆ ನೆರಳಿನ ಜಾಗಕ್ಕೆ ಮಾತ್ರ ಕಡಿಮೆ ಅಳತೆಯಲ್ಲಿ ಇನ್‌ಪೇಂಟ್ ಮಾಡಿಸಬಹುದು, ಆದರೆ ಗುರುತು ಪೊಟ್ಟಣದ ಅಕ್ಷರಗಳನ್ನು ಮುಟ್ಟಬಾರದು. ಮುಟ್ಟಿದರೆ ಅವೂ ಗೀಚಾಗುತ್ತವೆ. ಜಾಹೀರಾತಿನ ಕನ್ನಡ ಸಾಲನ್ನು ಕೊನೆಯಲ್ಲಿ ವಿನ್ಯಾಸದ ತಂತ್ರಾಂಶದಲ್ಲಿ ನಿಜವಾದ ಕನ್ನಡ ಫಾಂಟ್ ಬಳಸಿ ಬರೆಯಬೇಕು. ಆಗ ಒತ್ತಕ್ಷರ ಒತ್ತಕ್ಷರವಾಗಿಯೇ ಉಳಿಯುತ್ತದೆ.

ಇದು ಅಂದಕ್ಕಾಗಿ ಮಾತ್ರ ಹೇಳುತ್ತಿರುವ ಮಾತಲ್ಲ. ಕಾಫಿ ಪುಡಿಯ ಪೊಟ್ಟಣದ ಮೇಲೆ ತೂಕ, ಬೆರೆಸಿದ ಚಿಕೋರಿಯ ಪ್ರಮಾಣ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರುತ್ತವೆ. ಮಾಡೆಲ್ ಊಹಿಸಿ ಬರೆದ ಪೊಟ್ಟಣದಲ್ಲಿ ಇವೆಲ್ಲ ಸುಳ್ಳು ಅಂಕಿಗಳಾಗುತ್ತವೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ವಿಧಿಸುತ್ತದೆ. ಲೋಟ ಹಿಡಿದ ಕೈ ಕಲ್ಪನೆಯದಾದರೂ, ಗ್ರಾಹಕರು ದುಡ್ಡು ಕೊಟ್ಟು ಮನೆಗೊಯ್ಯುವ ಪೊಟ್ಟಣ ನಿಜದ್ದಾಗಿರಲೇಬೇಕು.

ಹೀಗೆ ನೋಡಿದರೆ ಕೆಲಸದ ಕ್ರಮ ಸ್ಪಷ್ಟವಾಗುತ್ತದೆ. ಮೊದಲು 'ಬೇಕು' ಪೆಟ್ಟಿಗೆಯಿಂದ ತೊಂದರೆ ಕರೆಯುವ ಪದಗಳನ್ನು ತೆಗೆಯುವುದು, ಭಂಗಿಯನ್ನು ಸರಳಗೊಳಿಸುವುದು. ಆಮೇಲೆ ಹೆಸರಿರುವ, ಕಣ್ಣಿಗೆ ಕಾಣುವ ವಸ್ತುಗಳನ್ನಷ್ಟೇ 'ಬೇಡ' ಪೆಟ್ಟಿಗೆಗೆ ಹಾಕುವುದು. ಉಳಿದ ಬೆರಳಿಗೆ ಇನ್‌ಪೇಂಟಿಂಗ್, ಅಕ್ಷರಕ್ಕೆ ನಿಜವಾದ ಫೋಟೋ ಮತ್ತು ಫಾಂಟ್. ಯಾರಾದರೂ ನೂರು ಪದಗಳ ನೆಗೆಟಿವ್ ಪಟ್ಟಿಯೊಂದನ್ನು ಕಳಿಸಿದರೆ, ಅದರ ಪ್ರತಿ ಪದವನ್ನೂ ಒಂದೊಂದಾಗಿ 'ಬೇಕು' ಪೆಟ್ಟಿಗೆಯಲ್ಲಿ ಬರೆದು ನೋಡಿ. ಏನೂ ಮೂಡದ ಪದವನ್ನು ಪಟ್ಟಿಯಿಂದ ಹೊಡೆದುಹಾಕಿ. ಉಳಿಯುವ ಪದಗಳು ಒಂದು ಸಾಲಿನಲ್ಲಿ ಹಿಡಿಯುತ್ತವೆ.